ನಿಧಾನ ಇರಬೇಕಾದ್ದು ಮಾತಿನ ನಡುವೆ

ಬೇಕು, ಬೇಡ. ಅರ್ಥದಲ್ಲಿ ಇವೆರಡೂ ಪೂರ್ವ-ಪಶ್ಚಿಮ. ಕಿವಿಗೆ ಮಾತ್ರ ಬಹಳ ಹತ್ತಿರದವು. ಎರಡೂ ‘ಬೇ’ ಎಂದೇ ಶುರುವಾಗುತ್ತವೆ, ವ್ಯತ್ಯಾಸವೆಲ್ಲ ಕೊನೆಯ ಅಕ್ಷರದಲ್ಲಿದೆ. ಎದುರುಬದುರು ಕೂತು ಸಾವಕಾಶವಾಗಿ ಹೇಳಿದರೆ ಗೊಂದಲವಿಲ್ಲ. ಆದರೆ ಆರೋಗ್ಯ ಶಿಬಿರವೊಂದರ ವೇದಿಕೆಯಿಂದ ಯಾರೋ ಅವಸರದಲ್ಲಿ ‘ಈ ಮಾತ್ರೆ ಖಾಲಿ ಹೊಟ್ಟೇಲಿ ತಗೋಬೇಡಿ’ ಎನ್ನುತ್ತಾರೆ ಎಂದುಕೊಳ್ಳಿ. ನಾಲ್ಕನೇ ಸಾಲಿನಲ್ಲಿ ಕೂತ ಎಪ್ಪತ್ತೈದರ ಹಿರಿಯರಿಗೆ ‘ಈ ಮಾತ್ರೆ ಖಾಲಿ ಹೊಟ್ಟೇಲಿ ತಗೋಬೇ...’ ಎನ್ನುವವರೆಗೆ ಚೆನ್ನಾಗಿಯೇ ಕೇಳಿಸಿರುತ್ತದೆ. ಉಳಿದದ್ದನ್ನು ಅವರು ಊಹಿಸಿಕೊಳ್ಳುತ್ತಾರೆ. ಊಹೆ ತಪ್ಪಿದರೆ ಸಲಹೆ ತಲೆಕೆಳಗಾಗುತ್ತದೆ.

ಹಿರಿಯರ ಸಭೆಯಲ್ಲಿ ಮಾತಾಡುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡೇ: ಜೋರಾಗಿ ಮಾತಾಡಿ, ನಿಧಾನವಾಗಿ ಮಾತಾಡಿ. ಮೊದಲನೆಯದು ಬಹುಪಾಲು ತಪ್ಪು. ಎರಡನೆಯದು ಅರ್ಧ ಸರಿ. ನಿಧಾನ ಎಲ್ಲಿರಬೇಕು ಎಂಬುದನ್ನು ಅದು ಹೇಳುವುದಿಲ್ಲ.

ಮೊದಲು ಕಿವಿಯ ಸಂಗತಿ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಕಾಕ್ಲಿಯ ಎಂಬ ಭಾಗವಿದೆ. ಅದರೊಳಗೆ ಸಾಲಾಗಿ ನಿಂತ ಸೂಕ್ಷ್ಮ ಕೂದಲ ಕೋಶಗಳು ಸದ್ದನ್ನು ನರದ ಸಂಕೇತವಾಗಿ ಬದಲಿಸುತ್ತವೆ. ಸುರುಳಿಯ ಬಾಗಿಲ ಬಳಿಯ ಕೋಶಗಳು ತೀಕ್ಷ್ಣ ಸ್ವರಗಳನ್ನು ಹಿಡಿದರೆ ಒಳತುದಿಯ ಕೋಶಗಳು ಮಂದ್ರ ಸ್ವರಗಳನ್ನು ಹಿಡಿಯುತ್ತವೆ. ವಯಸ್ಸಾದಂತೆ ಮೊದಲು ಸೋಲುವುದು ಬಾಗಿಲ ಬಳಿಯವು. ಮಾತಿನಲ್ಲಿ ಆ, ಈ, ಊ ಮುಂತಾದ ಸ್ವರಾಕ್ಷರಗಳಿಗೆ ಬಲ ಹೆಚ್ಚು, ಅವುಗಳ ಸದ್ದು ಹೆಚ್ಚಾಗಿ ಮಂದ್ರದ ಕಡೆಗಿರುತ್ತದೆ. ಸ, ಶ, ಫ, ತ, ಕ, ಪ ಮುಂತಾದ ವ್ಯಂಜನಗಳು ದುರ್ಬಲ, ಕ್ಷಣಿಕ, ಹೆಚ್ಚಾಗಿ ತೀಕ್ಷ್ಣದ ಕಡೆಯವು. ಒಂದು ಮಾತನ್ನು ಇನ್ನೊಂದರಿಂದ ಬೇರೆ ಮಾಡುವ ಕೆಲಸದಲ್ಲಿ ಬಹುಪಾಲು ಈ ದುರ್ಬಲರದೇ. ಹೀಗಾಗಿ ‘ಮಾತಾಡಿದ್ದು ಕೇಳಿಸುತ್ತೆ, ಏನು ಹೇಳಿದರು ಅಂತ ಗೊತ್ತಾಗಲ್ಲ’ ಎಂದು ಎಷ್ಟೋ ಹಿರಿಯರು ಹೇಳಿಕೊಳ್ಳುತ್ತಾರೆ. ಅವರು ತಮ್ಮ ಕಿವಿಯ ಸ್ಥಿತಿಯನ್ನು ಬಹಳ ಕರಾರುವಾಕ್ಕಾಗಿ ವರ್ಣಿಸುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ನೂರಕ್ಕೆ 25ಕ್ಕೂ ಹೆಚ್ಚು ಮಂದಿಗೆ ಬದುಕಿಗೆ ಅಡ್ಡಿಯಾಗುವಷ್ಟು ಶ್ರವಣ ದೋಷವಿದೆ. ಅದಕ್ಕಿಂತ ಕಡಿಮೆ ಮಟ್ಟದ ತೊಂದರೆ ಇರುವವರು ಇದರ ಮೇಲೆ.

ಕಿರುಚಿದರೆ ಏನಾಗುತ್ತದೆ? ಗಂಟಲು ಬಿಗಿದು ಕೂಗಿದಾಗ ಬಲಿಯುವುದು ಮುಖ್ಯವಾಗಿ ಸ್ವರಾಕ್ಷರಗಳೇ. ‘ಕ’ ಎಂಬ ವ್ಯಂಜನವನ್ನು ಎಷ್ಟು ಕೂಗಿದರೂ ಅದು ಒಂದು ಕ್ಷಣದ ಸಿಡಿತವಾಗಿಯೇ ಉಳಿಯುತ್ತದೆ. ಕೇಳುವವರಿಗೆ ಮೊದಲೇ ಸಾಕಷ್ಟು ಕೇಳಿಸುತ್ತಿದ್ದ ‘ಬೇ’ ಇನ್ನಷ್ಟು ಜೋರಾಗುತ್ತದೆ, ಬೇಕಾಗಿದ್ದ ‘ಡ’ ಅದರ ನೆರಳಿನಲ್ಲಿ ಇನ್ನಷ್ಟು ಮುಚ್ಚಿಹೋಗುತ್ತದೆ.

ಕಿವಿಯ ಹಿಂದೆ ಇನ್ನೊಂದು ಸಂಗತಿ ಇದೆ, ಅದು ಸಮಯ. ಮಾತು ನಿಲ್ಲದೆ ಹರಿಯುವಾಗ ಕೇಳುಗರು ಹಿಂದಿನ ತುಣುಕಿನ ಅರ್ಥ ಮಾಡಿಕೊಳ್ಳುತ್ತಲೇ ಮುಂದಿನದನ್ನು ಹಿಡಿಯಬೇಕು. ವಯಸ್ಸಾದಂತೆ ಈ ಕೆಲಸಕ್ಕೆ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಬುದ್ಧಿ ಕುಂದಿದ್ದರಿಂದ ಹೀಗಾಗುತ್ತದೆ ಎಂದು ತಿಳಿಯಬೇಕಾಗಿಲ್ಲ. ಮಸುಕಾಗಿ ಕೇಳಿಸಿದ್ದನ್ನು ಸಂದರ್ಭದಿಂದ ಊಹಿಸಿ ಸರಿಪಡಿಸಿಕೊಳ್ಳುವುದಕ್ಕೇ ಶಕ್ತಿ ಖರ್ಚಾದರೆ ನೆನಪಿಟ್ಟುಕೊಳ್ಳಲು ಉಳಿಯುವುದು ಕಡಿಮೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ರ್‍ಯಾಬಿಟ್ 1968ರಲ್ಲೇ ಇದನ್ನು ಚೆನ್ನಾಗಿ ತೋರಿಸಿದ್ದರು. ಅಂಕಿಗಳ ಪಟ್ಟಿಯನ್ನು ಕೇಳಿಸುವಾಗ ದ್ವಿತೀಯಾರ್ಧಕ್ಕೆ ಮಾತ್ರ ಗದ್ದಲ ಬೆರೆಸಿದರೂ, ಗದ್ದಲವಿಲ್ಲದೆ ಸ್ಪಷ್ಟವಾಗಿ ಕೇಳಿಸಿದ್ದ ಪೂರ್ವಾರ್ಧದ ನೆನಪೂ ಕೆಡುತ್ತಿತ್ತು. ಭಾಷಣದ ಐದನೇ ವಾಕ್ಯವನ್ನು ಹಿಡಿಯಲು ಒದ್ದಾಡುವವರ ತಲೆಯಿಂದ ಮೂರನೆಯ ವಾಕ್ಯ ಜಾರಿಹೋಗುವುದು ಹೀಗೇ.

ಹಾಗಾದರೆ ಸಮಯವನ್ನು ಎಲ್ಲಿ ಕೊಡಬೇಕು? ಅಮೆರಿಕದ ಬ್ರ್ಯಾಂಡೈಸ್ ವಿಶ್ವವಿದ್ಯಾಲಯದ ಆರ್ಥರ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬಹಳ ಉಪಯುಕ್ತವಾದ ಉತ್ತರ ಕೊಡುತ್ತದೆ. ಅವರು ಮುದ್ರಿತ ಮಾತನ್ನು ಯಂತ್ರದ ಸಹಾಯದಿಂದ ವೇಗವಾಗಿಸಿ, ಹಾಗೆ ಕತ್ತರಿಸಿದ ಸಮಯವನ್ನು ಮೌನವಾಗಿ ಹಿಂದಕ್ಕೆ ಸೇರಿಸಿದರು. ಒಮ್ಮೆ ವಾಕ್ಯ ಮತ್ತು ಉಪವಾಕ್ಯ ಮುಗಿಯುವ ಜಾಗಗಳಲ್ಲಿ, ಇನ್ನೊಮ್ಮೆ ಅರ್ಥಕ್ಕೆ ಸಂಬಂಧವಿಲ್ಲದೆ ಎಲ್ಲೆಂದರಲ್ಲಿ. ಅರ್ಥ ಮುಗಿಯುವ ಜಾಗದಲ್ಲಿ ಮೌನ ಬಂದಾಗ ಕೇಳುಗರ ನೆನಪು ಸುಧಾರಿಸಿತು, ಎಲ್ಲೆಂದರಲ್ಲಿ ಇಟ್ಟ ಮೌನದಿಂದ ಅಂಥ ಲಾಭ ಆಗಲಿಲ್ಲ. ಯುವಕರು ಈ ಬಗೆಯಿಂದ ಮೂಲ ವೇಗದಲ್ಲಿ ಕೇಳಿದ್ದಕ್ಕೆ ಸಮನಾದರು. ಹಿರಿಯರೂ ಸುಧಾರಿಸಿದರು, ಆದರೆ ಪೂರ್ತಿಯಾಗಿ ಅಲ್ಲ. ಮೌನಕ್ಕೂ ಮಿತಿಯಿದೆ ಎಂಬುದನ್ನು ಇಲ್ಲೇ ಗಮನಿಸಬಹುದು. ಉಚ್ಚಾರವೇ ಅವಸರದ್ದಾಗಿ ಅಕ್ಷರ ನುಂಗಿಹೋಗಿದ್ದರೆ ಆಮೇಲೆ ಎಷ್ಟು ಹೊತ್ತು ಸುಮ್ಮನಿದ್ದರೂ ಅದು ವಾಪಸು ಬರುವುದಿಲ್ಲ.

ಈ ಪ್ರಯೋಗ ನಡೆದದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಬಂದಾಗ ಪದಗಳನ್ನು ಎಳೆಯದೆ ನಡುವೆ ನಿಲ್ಲಿಸಬೇಕು ಎಂಬ ಮಾತಿಗೆ ಇನ್ನೂ ಗಟ್ಟಿಯಾದ ಕಾರಣವಿದೆ. ನಿಧಾನವಾಗಿ ಮಾತಾಡಿ ಎಂದರೆ ಹೆಚ್ಚಿನವರು ಮಾಡುವುದು ‘ನೀ...ವು ನಾ...ಳೆ ಬ...ನ್ನಿ’ ಎಂದು ರಾಗ ಎಳೆಯುವುದನ್ನು. ಕನ್ನಡದಲ್ಲಿ ಹ್ರಸ್ವ, ದೀರ್ಘ ಬೇರೆ ಬೇರೆ ಅರ್ಥ ಕೊಡುತ್ತವೆ. ‘ಬಳೆ’ಯನ್ನು ಎಳೆದರೆ ‘ಬಾಳೆ’, ‘ಹಳೆ’ಯನ್ನು ಎಳೆದರೆ ‘ಹಾಳೆ’. ಒತ್ತಕ್ಷರದ ಪಾಡೂ ಹೀಗೆಯೇ. ‘ಕತೆ’ಗೂ ‘ಕತ್ತೆ’ಗೂ ಕಿವಿ ಕಂಡುಕೊಳ್ಳುವ ಮುಖ್ಯ ವ್ಯತ್ಯಾಸ ‘ತ’ಕಾರದ ಸಿಡಿತಕ್ಕೆ ಮುಂಚಿನ ಪುಟ್ಟ ತಡೆಯ ಉದ್ದ. ಇಷ್ಟು ಸಣ್ಣ ಕಾಲದ ವ್ಯತ್ಯಾಸಗಳನ್ನು ಗುರುತಿಸುವ ಚುರುಕು ವಯಸ್ಸಾದ ಕಿವಿಯಲ್ಲಿ ಮೊದಲೇ ಕಡಿಮೆಯಾಗಿರುತ್ತದೆ. ಭಾಷಣಕಾರರು ಎಲ್ಲ ಅಕ್ಷರಗಳನ್ನೂ ಒಂದೇ ಸಮ ಎಳೆದರೆ ಉಳಿದಿರುವ ಸುಳಿವನ್ನೂ ತಾವೇ ಅಳಿಸಿಬಿಟ್ಟಂತೆ. ಪದದ ಒಳಗಿನ ಲಯ ಸಹಜವಾಗಿರಲಿ, ಪದಗುಚ್ಛ ಮುಗಿದ ಮೇಲೆ ಮೌನ ಬರಲಿ.

ಪದದೊಳಗೆ ಬೇಕಾದ್ದು ಇನ್ನೊಂದಿದೆ: ಕೊನೆಯನ್ನು ನುಂಗದೇ ಇರುವುದು. ಅಮೆರಿಕದ ಎಂ.ಐ.ಟಿ.ಯಲ್ಲಿ ಮೈಕೆಲ್ ಪಿಚೆನಿ, ನ್ಯಾಟ್ ಡರ್ಲಾಕ್, ಲೂಯಿಸ್ ಬ್ರೈಡಾ 1985ರಿಂದ ಪ್ರಕಟಿಸಿದ ಲೇಖನಗಳಲ್ಲಿ ಒಂದೇ ವಾಕ್ಯಗಳನ್ನು ಒಬ್ಬನೇ ವ್ಯಕ್ತಿಯಿಂದ ಎರಡು ಬಗೆಯಲ್ಲಿ ಹೇಳಿಸಿದ್ದರು. ಒಂದು ಮಾಮೂಲಿ ಮಾತು, ಇನ್ನೊಂದು ಕಿವಿ ಮಂದವಾದವರಿಗೆ ಹೇಳುವಂತೆ ಬಿಡಿಸಿ ಹೇಳಿದ ಮಾತು. ಎರಡನೆಯ ಬಗೆಯಲ್ಲಿ ಶ್ರವಣ ದೋಷವಿರುವವರು ಗುರುತಿಸಿದ ಪದಗಳ ಪ್ರಮಾಣ ನೂರಕ್ಕೆ ಸುಮಾರು 17ರಷ್ಟು ಹೆಚ್ಚಾಯಿತು. ಬಿಡಿಸಿ ಹೇಳುವಾಗ ಮೌನಗಳು ಹೆಚ್ಚಿದ್ದವು, ಪದದ ಕೊನೆಯ ವ್ಯಂಜನಗಳು ಪೂರ್ತಿಯಾಗಿ ಹೊರಬರುತ್ತಿದ್ದವು. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಕೊನೆಯಾಗುವಂಥವು. ಆಡುವಾಗ ಆ ಸ್ವರವನ್ನು ನಾವು ನುಂಗಿ ‘ಹೋಗ್ಬೇಕ್’, ‘ಕೊಡ್ಬೇಡ್ರಿ’ ಎನ್ನುತ್ತೇವೆ. ಹಿರಿಯರ ಸಭೆಯಲ್ಲಿ ‘ಹೋಗಬೇಕು’, ‘ಕೊಡಬೇಡಿ’ ಎಂದು ಕೊನೆ ಮುಟ್ಟಿಸಿದರೆ ಕ-ಡ ವ್ಯತ್ಯಾಸಕ್ಕೆ ಉ-ಇ ವ್ಯತ್ಯಾಸದ ಆಸರೆ ಸಿಗುತ್ತದೆ. ‘ಬ್ಯಾಡ’ ಎನ್ನುವ ಕಡೆಗಳಲ್ಲಿ ಆ ಆಸರೆ ಮೊದಲಿಂದಲೇ ಇದೆ: ‘ಬೇ’ಗೂ ‘ಬ್ಯಾ’ಗೂ ಸ್ವರವೇ ಬೇರೆಯಾದ್ದರಿಂದ ವ್ಯಂಜನ ತಪ್ಪಿಹೋದರೂ ಅರ್ಥ ತಪ್ಪುವುದಿಲ್ಲ. ಉತ್ತರ ಕರ್ನಾಟಕದ ಸಭೆಯಲ್ಲಿ ‘ಬ್ಯಾಡ್ರಿ’ಯನ್ನು ಬಿಟ್ಟು ಗ್ರಾಂಥಿಕವಾಗಿ ‘ಬೇಡಿರಿ’ ಎನ್ನಲು ಹೋಗುವವರು ಕೇಳುಗರಿಗೆ ಉಪಕಾರ ಮಾಡುತ್ತಿಲ್ಲ.

ಇನ್ನು ವಾಕ್ಯದ ಅಳತೆ. ಚಿಕ್ಕ ವಾಕ್ಯಗಳಲ್ಲಿ ಮಾತಾಡಿ ಎಂಬ ಸಲಹೆಯನ್ನು ಕ್ಯಾನ್ಸಸ್ ವಿಶ್ವವಿದ್ಯಾಲಯದ ಸೂಸನ್ ಕೆಂಪರ್ ಮತ್ತು ತಮಾರಾ ಹಾರ್ಡನ್ 1999ರಲ್ಲಿ ಪರೀಕ್ಷೆಗೆ ಒಡ್ಡಿದರು. ಹಿರಿಯರಿಗೆ ಮಾತಿನಲ್ಲಿ ದಾರಿ ವಿವರಿಸಿ, ಅದನ್ನು ನಕ್ಷೆಯ ಮೇಲೆ ಗುರುತಿಸಲು ಹೇಳುವುದು ಪರೀಕ್ಷೆಯ ಬಗೆ. ವಾಕ್ಯವನ್ನು ಬರೀ ಉದ್ದದಲ್ಲಿ ತುಂಡು ಮಾಡಿದ್ದರಿಂದ ಲಾಭವಾಗಲಿಲ್ಲ. ವೇಗ ತಗ್ಗಿಸಿದ್ದರಿಂದ, ದನಿ ಏರಿಸಿದ್ದರಿಂದಲೂ ಆಗಲಿಲ್ಲ. ಹಾಗೆ ಮಾತಾಡಿದಾಗ ತಮಗೆ ಅರ್ಥ ಮಾಡಿಕೊಳ್ಳುವುದು ಕಷ್ಟವಾಯಿತು ಎಂದೇ ಹಿರಿಯರು ಹೇಳಿದರು. ನಿಜವಾಗಿ ನೆರವಾದದ್ದು ಎರಡು: ಒಂದು ವಾಕ್ಯದ ಹೊಟ್ಟೆಯಲ್ಲಿ ಇನ್ನೊಂದನ್ನು ತುರುಕುವುದನ್ನು ಬಿಟ್ಟದ್ದು, ಹೇಳಿದ್ದನ್ನು ಮತ್ತೆ ಹೇಳಿ ಸ್ವಲ್ಪ ಬಿಡಿಸಿದ್ದು.

ಈ ತುರುಕುವ ಕೆಲಸಕ್ಕೆ ಕನ್ನಡದಷ್ಟು ಅನುಕೂಲ ಮಾಡಿಕೊಡುವ ಭಾಷೆಗಳು ಕಡಿಮೆ. ‘ಬಂದ’, ‘ಕೊಟ್ಟ’, ‘ಹೇಳಿದ’ ಎಂಬ ಕೃದಂತಗಳನ್ನು ನಾಮಪದದ ಹಿಂದೆ ಸರಪಳಿಯಂತೆ ಜೋಡಿಸುತ್ತ ಹೋಗಬಹುದು. ಬರಹದಲ್ಲಿ ಅದು ಸೊಗಸು. ಕೇಳುವವರಿಗೆ ಮಾತ್ರ ಕ್ರಿಯಾಪದ ಬರುವವರೆಗೆ ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕಾದ ಸ್ಥಿತಿ, ಯಾಕೆಂದರೆ ಹೌದೋ ಅಲ್ಲವೋ, ಬೇಕೋ ಬೇಡವೋ ಎಂಬುದು ತಿಳಿಯುವುದೇ ಕೊನೆಯಲ್ಲಿ. ಒಂದು ಉದಾಹರಣೆಯನ್ನು ಪೂರ್ತಿ ನೋಡಬಹುದು. ಕೇಂದ್ರ ಸರ್ಕಾರದ ಪಿಂಚಣಿದಾರರ ಸಭೆಯೊಂದರಲ್ಲಿ ಹೇಳಬಹುದಾದ ವಾಕ್ಯ ಇದು:

‘ಕೇಂದ್ರ ಸರ್ಕಾರದ ನಿವೃತ್ತ ನೌಕರರಲ್ಲಿ ಎಂಬತ್ತು ವರ್ಷ ತುಂಬಿದವರು ಅಕ್ಟೋಬರ್ ಒಂದರಿಂದಲೂ ಉಳಿದವರು ನವೆಂಬರ್ ಒಂದರಿಂದಲೂ ತಮ್ಮ ಪಿಂಚಣಿ ಜಮೆಯಾಗುವ ಬ್ಯಾಂಕ್ ಶಾಖೆಗೆ ಖುದ್ದಾಗಿ ಹೋಗಿ ಅಥವಾ ಸ್ಮಾರ್ಟ್‌ಫೋನಿನಲ್ಲಿ ಮುಖ ಗುರುತಿಸುವ ವಿಧಾನದ ಮೂಲಕ ಸಲ್ಲಿಸಬಹುದಾದ ಜೀವಿತ ಪ್ರಮಾಣಪತ್ರವನ್ನು ನವೆಂಬರ್ ಮೂವತ್ತರೊಳಗೆ ಸಲ್ಲಿಸದಿದ್ದಲ್ಲಿ ಡಿಸೆಂಬರಿನಿಂದ ಪಿಂಚಣಿ ತಡೆಹಿಡಿಯಲಾಗುವುದರಿಂದ ಕೊನೆಯ ದಿನದವರೆಗೆ ಕಾಯಬಾರದೆಂದು ತಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ.’

ಮಾಹಿತಿಯಲ್ಲಿ ತಪ್ಪಿಲ್ಲ, ವ್ಯಾಕರಣವೂ ಸರಿಯಾಗಿದೆ. ಆದರೆ 39 ಪದಗಳ ಈ ವಾಕ್ಯದಲ್ಲಿ ವಿಷಯ ಯಾವುದೆಂದು ತಿಳಿಯುವುದು 27 ಮತ್ತು 28ನೇ ಪದಗಳಲ್ಲಿ, ‘ಜೀವಿತ ಪ್ರಮಾಣಪತ್ರ’ ಬಂದಾಗ. ಅಲ್ಲಿಯವರೆಗೆ ಕೇಳಿದ ಎರಡು ತಾರೀಖು, ಒಂದು ವಯಸ್ಸು, ಎರಡು ವಿಧಾನಗಳು ಯಾವುದಕ್ಕೆ ಸೇರಿದವು ಎಂದು ಗೊತ್ತಿಲ್ಲದೆಯೇ ನೆನಪಿನಲ್ಲಿಟ್ಟುಕೊಳ್ಳಬೇಕು. ಉಸಿರಿಗಾಗಿ ಭಾಷಣಕಾರರು ನಿಲ್ಲುವ ಜಾಗವೂ ಬಹುಶಃ ತಪ್ಪಾಗಿರುತ್ತದೆ. ‘ಪಿಂಚಣಿ ಜಮೆಯಾಗುವ’ ಎಂದು ನಿಂತು, ‘ಬ್ಯಾಂಕ್ ಶಾಖೆಗೆ’ ಎಂದು ಮುಂದುವರಿದರೆ ಮೌನ ಅರ್ಥವನ್ನು ಸೀಳುತ್ತದೆ.

ಇದನ್ನೇ ಬಿಡಿಸಿ ಬರೆದರೆ ಹೀಗಾಗುತ್ತದೆ. ಒಂದು ಗೆರೆ ಇರುವಲ್ಲಿ ಅರ್ಧ ಸೆಕೆಂಡ್, ಎರಡು ಗೆರೆ ಇರುವಲ್ಲಿ ಒಂದೂವರೆ ಸೆಕೆಂಡ್ ನಿಲ್ಲಬೇಕು.

ಈಗ ಜೀವಿತ ಪ್ರಮಾಣಪತ್ರದ ವಿಷಯ. //
ಜೀವಿತ ಪ್ರಮಾಣಪತ್ರ ಅಂದರೆ, / ನಾವು ಬದುಕಿದ್ದೇವೆ ಅಂತ / ಸರ್ಕಾರಕ್ಕೆ ತೋರಿಸುವ ಕಾಗದ. //
ಇದನ್ನು ವರ್ಷಕ್ಕೆ ಒಂದು ಸಲ ಕೊಡಬೇಕು. //
ಯಾವಾಗ ಕೊಡಬೇಕು? // ನವೆಂಬರ್ ತಿಂಗಳಲ್ಲಿ. //
ನವೆಂಬರ್ ಒಂದು, / ರಾಜ್ಯೋತ್ಸವದ ದಿನ. / ಅವತ್ತಿನಿಂದ ಶುರು. //
ನವೆಂಬರ್ ಮೂವತ್ತು / ಕೊನೆಯ ದಿನ. //
ಎಂಬತ್ತು ವರ್ಷ ತುಂಬಿದವರು / ಒಂದು ತಿಂಗಳು ಮೊದಲೇ ಕೊಡಬಹುದು. //
ಅವರಿಗೆ ಅಕ್ಟೋಬರ್ ಒಂದರಿಂದ, / ಅಂದರೆ ಗಾಂಧಿ ಜಯಂತಿಯ ಹಿಂದಿನ ದಿನದಿಂದ. //
ಎಲ್ಲಿ ಕೊಡಬೇಕು? // ನಿಮ್ಮ ಪಿಂಚಣಿ ಬರುವ ಬ್ಯಾಂಕಿನಲ್ಲಿ. //
ಬ್ಯಾಂಕಿಗೆ ಹೋಗಲು ಆಗದಿದ್ದರೆ, / ಮನೆಯಲ್ಲೇ / ಸ್ಮಾರ್ಟ್‌ಫೋನಿನಲ್ಲಿ ಕೊಡಬಹುದು. //
ಕೊಡದೆ ಹೋದರೆ? // ಡಿಸೆಂಬರಿನಿಂದ ಪಿಂಚಣಿ ನಿಲ್ಲುತ್ತದೆ. //
ಅದಕ್ಕೇ, / ಮೊದಲ ವಾರದಲ್ಲೇ ಕೊಟ್ಟುಬಿಡಿ. //
ಮತ್ತೆ ಹೇಳುತ್ತೇನೆ. // ಜೀವಿತ ಪ್ರಮಾಣಪತ್ರ. // ನವೆಂಬರ್ ತಿಂಗಳು. // ನಿಮ್ಮ ಬ್ಯಾಂಕು. //

39 ಪದ 76 ಆಯಿತು. ಮೌನವೂ ಸೇರಿದರೆ ಹಿಡಿಯುವ ಹೊತ್ತು ಅದಕ್ಕಿಂತ ಹೆಚ್ಚು. ಭಾಷಣ ಸಿದ್ಧಪಡಿಸುವವರು ತಡವರಿಸುವುದು ಇಲ್ಲೇ. ಇಪ್ಪತ್ತು ನಿಮಿಷದಲ್ಲಿ ಎಂಟು ವಿಷಯ ಹೇಳಬೇಕೆಂದು ಬಂದವರು ಹೀಗೆ ಮಾತಾಡಿದರೆ ಮೂರನ್ನೋ ನಾಲ್ಕನ್ನೋ ಹೇಳಿ ಇಳಿಯಬೇಕಾಗುತ್ತದೆ. ಹಾಗಾಗಿ ಸರಳಗೊಳಿಸುವ ಕೆಲಸ ಶುರುವಾಗುವುದು ಯಾವ ವಿಷಯವನ್ನು ಬಿಡಬೇಕು ಎಂಬಲ್ಲಿಂದ. ಈ ಪಾಠದಲ್ಲಿ ಮುಖ ಗುರುತಿಸುವ ವಿಧಾನದ ವಿವರ ಇಲ್ಲದಿರುವುದೂ ಇದೇ ಕಾರಣಕ್ಕೆ. ಅದಕ್ಕೆ ಯಾವ ಆ್ಯಪ್ ಬೇಕು, ಯಾವ ಸಂಖ್ಯೆ ಹಾಕಬೇಕು ಎಂಬುದು ಕಿವಿಗೆ ಹೇಳುವ ಸಂಗತಿ ಅಲ್ಲ. ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ ಚೀಟಿಯನ್ನು ಕೈಗೆ ಕೊಟ್ಟರೆ ಮನೆಯಲ್ಲಿ ಮಗನೋ ಮೊಮ್ಮಗಳೋ ಓದಿ ಮಾಡಿಕೊಡುತ್ತಾರೆ.

ಪಾಠದಲ್ಲಿ ಪುನರಾವರ್ತನೆ ಎರಡು ಬಗೆಯಾಗಿ ಬಂದಿದೆ, ಇವೆರಡನ್ನೂ ಬೆರೆಸಬಾರದು. ಒಂದು ಯಥಾವತ್ತಾದದ್ದು. ‘ಜೀವಿತ ಪ್ರಮಾಣಪತ್ರ’ ಪ್ರತಿ ಸಲವೂ ಅದೇ ಹೆಸರಿನಲ್ಲಿ ಬರುತ್ತದೆ. ಅದನ್ನು ಒಮ್ಮೆ ‘ಲೈಫ್ ಸರ್ಟಿಫಿಕೇಟ್’, ಒಮ್ಮೆ ‘ದೃಢೀಕರಣ’, ಇನ್ನೊಮ್ಮೆ ‘ಸದರಿ ದಾಖಲೆ’ ಎಂದು ಬದಲಿಸಿದರೆ ಮೂರು ಬೇರೆ ಕಾಗದಗಳ ಮಾತು ನಡೆಯುತ್ತಿದೆ ಎಂದುಕೊಳ್ಳುವವರು ಇರುತ್ತಾರೆ. ಕೇಳುವವರಲ್ಲಿ ಹೆಚ್ಚಿನವರಿಗೆ ‘ಲೈಫ್ ಸರ್ಟಿಫಿಕೇಟ್’ ಎಂಬುದೇ ರೂಢಿಯಾಗಿದ್ದರೆ ಮೊದಲಿಂದ ಕೊನೆವರೆಗೆ ಅದನ್ನೇ ಬಳಸುವುದು ಮೇಲು. ಶುದ್ಧ ಕನ್ನಡದ ಹಟ ಇಲ್ಲಿ ಕೆಲಸಕ್ಕೆ ಬಾರದು.

ಇನ್ನೊಂದು ಬಗೆ, ಅದೇ ಸಂಗತಿಗೆ ಇನ್ನೊಂದು ಗುರುತು ಜೋಡಿಸುವುದು. ‘ನವೆಂಬರ್’, ‘ಡಿಸೆಂಬರ್’, ‘ಸೆಪ್ಟೆಂಬರ್’ ಮೂರಕ್ಕೂ ಬಾಲ ಒಂದೇ, ತಲೆ ಕೇಳಿಸದಿದ್ದರೆ ಮೂರೂ ಒಂದೇ ಆಗುತ್ತವೆ. ‘ರಾಜ್ಯೋತ್ಸವದ ದಿನ’ ಎಂದಾಗ ಸದ್ದಿನಲ್ಲಿ ಯಾವ ಹೋಲಿಕೆಯೂ ಇಲ್ಲದ ಎರಡನೇ ದಾರಿ ತೆರೆಯುತ್ತದೆ. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ. ಅಂಕಿಗಳಿಗೂ ಹೀಗೆಯೇ ಮಾಡಬಹುದು. ‘ಇಪ್ಪತ್ತು’, ‘ಎಪ್ಪತ್ತು’ ನಡುವೆ ಇರುವುದು ಮೊದಲ ಸ್ವರದ ಅಂತರ ಮಾತ್ರ. ‘ಎಪ್ಪತ್ತು, ಏಳು ಸೊನ್ನೆ’ ಎಂದು ಬಿಡಿಸಿ ಹೇಳಿದರೆ ಅನುಮಾನ ಉಳಿಯುವುದಿಲ್ಲ.

ಕನ್ನಡ ನಾಡಿಗೆ ಈ ಎರಡನೆಯ ಬಗೆ ಹೊಸದೇನಲ್ಲ. ಗಮಕದಲ್ಲಿ ವಾಚನಕಾರರು ಪದ್ಯವನ್ನು ರಾಗವಾಗಿ ಓದುತ್ತಾರೆ, ವ್ಯಾಖ್ಯಾನಕಾರರು ಅದನ್ನೇ ಗದ್ಯದಲ್ಲಿ ಬಿಡಿಸುತ್ತಾರೆ. ಯಕ್ಷಗಾನದಲ್ಲಿ ಭಾಗವತರು ಹಾಡಿದ ಪದ್ಯದ ಅರ್ಥವನ್ನು ವೇಷಧಾರಿ ಮಾತಿನಲ್ಲಿ ಹೇಳುತ್ತಾನೆ. ಒಂದೇ ಸಂಗತಿ ಎರಡು ಸಲ ಬರುತ್ತದೆ, ಎರಡು ಬೇರೆ ರೂಪದಲ್ಲಿ. ಮೊದಲನೆಯದರಲ್ಲಿ ಏನೋ ತಪ್ಪಿಹೋಯಿತು ಎಂದು ಕೇಳುಗರು ಗಾಬರಿಯಾಗಬೇಕಿಲ್ಲ, ಬರುವುದಿದೆ ಎಂದು ಅವರಿಗೆ ಗೊತ್ತು. ಪಾಠದ ‘ಯಾವಾಗ ಕೊಡಬೇಕು?’, ‘ಎಲ್ಲಿ ಕೊಡಬೇಕು?’ ಎಂಬ ಪ್ರಶ್ನೆಗಳೂ ಈ ಕೆಲಸವನ್ನೇ ಮಾಡುತ್ತವೆ. ಮುಂದೆ ಬರುವುದು ಕಾಲದ ಮಾತೋ ಜಾಗದ ಮಾತೋ ಎಂದು ಮೊದಲೇ ಗೊತ್ತಾದರೆ ಅರ್ಧ ಕೇಳಿಸಿದ ಪದವನ್ನೂ ಕಿವಿ ಸರಿಯಾಗಿ ತುಂಬಿಕೊಳ್ಳುತ್ತದೆ.

‘ಕಾಯಬಾರದು’ ಎಂಬುದು ‘ಮೊದಲ ವಾರದಲ್ಲೇ ಕೊಟ್ಟುಬಿಡಿ’ ಎಂದಾದದ್ದನ್ನೂ ಗಮನಿಸಬೇಕು. ನಿಷೇಧವೆಲ್ಲ ಕ್ರಿಯಾಪದದ ಬಾಲದಲ್ಲಿ ಇರುವ ಭಾಷೆಯಲ್ಲಿ, ಮಾಡಬಾರದ್ದನ್ನು ಹೇಳುವುದಕ್ಕಿಂತ ಮಾಡಬೇಕಾದ್ದನ್ನು ಹೇಳುವುದು ಸುರಕ್ಷಿತ. ಮಾತ್ರೆಯ ವಿಷಯದಲ್ಲೂ ‘ಖಾಲಿ ಹೊಟ್ಟೆಯಲ್ಲಿ ತಗೋಬೇಡಿ’ ಎಂಬುದನ್ನು ‘ಊಟ ಮಾಡಿ. / ಆಮೇಲೆ ಮಾತ್ರೆ’ ಎಂದು ತಿರುಗಿಸಿದರೆ ಬಾಲ ಕೇಳಿಸದಿದ್ದರೂ ಅಪಾಯವಿಲ್ಲ.

ಕಾಗದದ ಮೇಲೆ ಗೆರೆ ಹಾಕಿಕೊಂಡವರೂ ವೇದಿಕೆ ಮೇಲೆ ಮೌನವನ್ನು ನುಂಗಿಬಿಡುತ್ತಾರೆ. ನೂರು ಜನರ ಎದುರು ಒಂದೂವರೆ ಸೆಕೆಂಡ್ ಸುಮ್ಮನಿರುವುದು ನಿಂತವರಿಗೆ ಯುಗದಂತೆ ಅನ್ನಿಸುತ್ತದೆ. ಆ ಜಾಗವನ್ನು ‘ಏನಪ್ಪಾ ಅಂದ್ರೆ’, ‘ಅಂದರೆ ಈಗ’, ‘ಆಂ’ ಎಂಬ ತುಂಬುಮಾತುಗಳು ಆಕ್ರಮಿಸುತ್ತವೆ. ಹಿರಿಯ ಕೇಳುಗರಿಗೆ ಇವು ಮೌನವಲ್ಲ. ಇವನ್ನೂ ಅವರು ಕೇಳಿ, ಅರ್ಥವಿದೆಯೇ ಎಂದು ನೋಡಿ, ಪಕ್ಕಕ್ಕಿಡಬೇಕು. ಕೊಟ್ಟ ಸಮಯವನ್ನು ವಾಪಸು ಕಿತ್ತುಕೊಂಡಂತೆ. ಮನಸ್ಸಿನಲ್ಲೇ ‘ಒಂದು, ಎರಡು’ ಎಂದು ಸಾವಕಾಶವಾಗಿ ಎಣಿಸುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಫೋನಿನಲ್ಲಿ ಭಾಷಣವನ್ನು ಮುದ್ರಿಸಿಕೊಂಡು ಕೇಳಿದರೆ ತಾನು ನಿಂತೆ ಎಂದುಕೊಂಡ ಎಷ್ಟು ಕಡೆ ನಿಂತಿಲ್ಲ ಎಂಬುದು ತಿಳಿಯುತ್ತದೆ. ಇಂಗ್ಲಿಷ್ ಪುಸ್ತಕಗಳು ನಿಮಿಷಕ್ಕೆ ಇಂತಿಷ್ಟು ಪದ ಎಂದು ಕೊಡುವ ಲೆಕ್ಕ ಮಾತ್ರ ಕನ್ನಡಕ್ಕೆ ಹೊಂದದು. ‘ಹೋಗಬೇಕಾಗಿತ್ತಂತೆ’ ಎಂಬ ನಮ್ಮ ಒಂದು ಪದದಲ್ಲಿ ಅವರ ಐದಾರು ಪದಗಳ ಅರ್ಥ ಅಡಗಿದೆ.

ಮಾತು ಇಷ್ಟು ಸರಿಯಾದರೂ ಸಭಾಂಗಣ ಅದನ್ನು ಕೆಡಿಸಬಲ್ಲದು. ಹಿರಿಯರ ಸಭೆಗಳು ಹೆಚ್ಚಾಗಿ ನಡೆಯುವುದು ಕಲ್ಯಾಣ ಮಂಟಪಗಳಲ್ಲಿ, ಸಮುದಾಯ ಭವನಗಳಲ್ಲಿ. ಗ್ರಾನೈಟ್ ನೆಲ, ಬರಿಯ ಗೋಡೆ, ಎತ್ತರದ ಚಾವಣಿ. ಖಾಲಿ ಇರುವಾಗ ಒಮ್ಮೆ ಚಪ್ಪಾಳೆ ತಟ್ಟಿ ನೋಡಿದರೆ ಸದ್ದು ಎಷ್ಟು ಹೊತ್ತು ಗುಂಯ್‌ಗುಡುತ್ತದೆ ಎಂಬುದು ಗೊತ್ತಾಗುತ್ತದೆ. ಹಿಂದಿನ ಸ್ವರದ ಅನುರಣನ ಮುಂದಿನ ವ್ಯಂಜನವನ್ನು ಮುಚ್ಚುತ್ತದೆ, ಅಂಥ ಕಡೆ ಮೌನಗಳು ಇನ್ನೂ ಉದ್ದವಾಗಬೇಕು. ಮೈಕ್‌ಸೆಟ್‌ನವರು ಹಾಡಿಗೆಂದು ‘ಎಕೋ’ ಇಟ್ಟಿರುವುದುಂಟು, ಭಾಷಣಕ್ಕೆ ಮುಂಚೆ ಅದನ್ನು ಪೂರ್ತಿ ತೆಗೆಸಬೇಕು. ಬೇಸ್ ತಗ್ಗಿಸಿ ಟ್ರೆಬಲ್ ಸ್ವಲ್ಪ ಏರಿಸಿದರೆ ವ್ಯಂಜನಗಳು ಮೇಲೆ ಬರುತ್ತವೆ. ಮೈಕು ಬಾಯಿಯನ್ನು ಮರೆಮಾಡದೆ ಗದ್ದದ ಮಟ್ಟದಲ್ಲಿರಲಿ, ಬೆಳಕು ಭಾಷಣಕಾರರ ಮುಖದ ಮೇಲೆ ಬೀಳಲಿ, ಬೆನ್ನ ಹಿಂದಿನ ಕಿಟಕಿಯಿಂದ ಬರುವುದು ಬೇಡ. ಕಿವಿ ಮಂದವಾದವರಲ್ಲಿ ಅನೇಕರು ತಮಗೇ ಅರಿವಿಲ್ಲದೆ ತುಟಿಯ ಚಲನೆಯನ್ನು ಓದುತ್ತಿರುತ್ತಾರೆ. ಪ, ಬ, ಮ ಕಾರಗಳಲ್ಲಿ ತುಟಿ ಮುಚ್ಚುವುದು ದೂರದಿಂದಲೂ ಕಾಣುತ್ತದೆ.

ಇದೆಲ್ಲ ಮಾಡುವಾಗ ಎಡವುವ ಒಂದು ಜಾಗವಿದೆ. ಸರಳವಾಗಿ ಹೇಳಲು ಹೊರಟವರ ದನಿ ಮಕ್ಕಳೊಂದಿಗೆ ಮಾತಾಡುವ ದನಿಯಾಗಿಬಿಡುತ್ತದೆ. ‘ಎಲ್ಲ ಅಜ್ಜ-ಅಜ್ಜಿಯರೂ ಜಾಣರಾಗಿ ಕೇಳಿಸ್ಕೋತೀರಲ್ವಾ?’ ಎಂಬ ಧಾಟಿ. ಇದಕ್ಕೆ ಇಂಗ್ಲಿಷಿನಲ್ಲಿ ‘ಎಲ್ಡರ್‌ಸ್ಪೀಕ್’ ಎಂಬ ಹೆಸರೇ ಇದೆ. ದಾದಿಯರ ಶಿಕ್ಷಣದಲ್ಲಿ ಕೆಲಸ ಮಾಡುವ ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಸಂಗಡಿಗರು ಅಮೆರಿಕದ ಆರೈಕೆ ಗೃಹಗಳಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಾತಾಡಿಸಿದಾಗ ಮರೆವಿನ ಕಾಯಿಲೆ ಇರುವ ಹಿರಿಯರು ಕೂಡ ಆರೈಕೆಗೆ ಪ್ರತಿರೋಧ ತೋರುವುದು ಹೆಚ್ಚಿತ್ತು. ಮೇಲೆ ಬರೆದ ಪಾಠದಲ್ಲಿ ಅಂಥ ಒಂದು ಪದವೂ ಇಲ್ಲ. ಬಹುವಚನದ ‘ನೀವು’ ಇದೆ, ಭಾಷಣಕಾರರೂ ಪಿಂಚಣಿದಾರರಾಗಿದ್ದರೆ ಹೇಳಬಹುದಾದ ‘ನಾವು’ ಇದೆ. ಎದುರಿಗೆ ಕೂತವರಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರು, ಎಂಜಿನಿಯರುಗಳು, ರೈಲ್ವೆಯ ಲೆಕ್ಕಿಗರು ಇರುತ್ತಾರೆ. ಅವರಲ್ಲಿ ಎಷ್ಟೋ ಮಂದಿಯ ಕಿವಿ ಚುರುಕಾಗಿಯೇ ಇರುತ್ತದೆ. ವಾಕ್ಯವನ್ನು ಸರಳಗೊಳಿಸಿದರೆ ಅವರಿಗೂ ಸುಖ. ದನಿಯನ್ನು ಬಾಲಿಶಗೊಳಿಸಿದರೆ ಎಲ್ಲರಿಗೂ ನೋವು.

ಮಾತು ತಲುಪಿತೇ ಎಂದು ತಿಳಿಯುವುದು ಹೇಗೆ? ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಕೇಳಿಸಲಿಲ್ಲ ಎಂದು ಸಭೆಯಲ್ಲಿ ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ. ನಿಜವಾದ ಸೂಚನೆಗಳು 3 ನಿಮಿಷದಲ್ಲೇ ಕಾಣಿಸಿಕೊಳ್ಳುತ್ತವೆ. ಒಂದು ತಾರೀಖು ಹೇಳಿದ ಕೂಡಲೇ ಪಕ್ಕದವರತ್ತ ವಾಲುವ ತಲೆಗಳು, ಕಿವಿಯ ಹಿಂದೆ ಹೋಗುವ ಅಂಗೈ, ಉಳಿದವರು ನಕ್ಕ ಮೇಲೆ ಒಂದು ಕ್ಷಣ ತಡವಾಗಿ ಬರುವ ನಗು. ಇವು ಕಂಡಾಗ ಮುಂದೆ ಹೋಗದೆ ಅದೇ ಸಾಲನ್ನು ಮತ್ತೆ ಹೇಳಬೇಕು. ಎರಡನೇ ಸಲವೂ ಹಾಗೆಯೇ ಆದರೆ ಬೇರೆ ಪದಗಳಲ್ಲಿ ಹೇಳಬೇಕು, ಯಾಕೆಂದರೆ ತೊಡಕು ಬಹುಶಃ ಆ ಪದದ ಸದ್ದಿನಲ್ಲೇ ಇದೆ.

ಕೊನೆಯಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ ಹೀಗಿರುತ್ತದೆ: ‘ಇವತ್ತು ಮನೆಗೆ ಹೋದ ಮೇಲೆ, ಸಭೆಯಲ್ಲಿ ಏನು ಹೇಳಿದರು ಅಂತ ಮಗಳು ಕೇಳಿದರೆ ಏನು ಹೇಳುತ್ತೀರಿ?’ ಇದು ಕೇಳುಗರ ಪರೀಕ್ಷೆಯಾಗದೆ ಭಾಷಣದ ಪರೀಕ್ಷೆಯಾಗುತ್ತದೆ. ಸಭೆಗೆ ಮುಂಚೆಯೇ ನೆರೆಮನೆಯ ಇಬ್ಬರು ಮೂವರು ಹಿರಿಯರ ಎದುರು ಪಾಠವನ್ನು ಓದಿ ಹೀಗೆ ಕೇಳಿ ನೋಡಬಹುದು. ಮೇಲಿನ ಪಾಠ ಕೇಳಿದ ಒಬ್ಬರು ‘ಡಿಸೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಬೇಕಂತೆ’ ಎಂದರೆ ತಪ್ಪು ಅವರದಲ್ಲ. ಡಿಸೆಂಬರ್ ಎಂಬ ಹೆಸರು ಪಾಠದಲ್ಲಿ ಒಂದೇ ಸಲ ಬಂದಿದೆ, ಆದರೆ ಕೊನೆಯ ಕಡೆಗೆ, ಪಿಂಚಣಿ ನಿಲ್ಲುತ್ತದೆ ಎಂಬ ಗಾಬರಿಯ ಮಾತಿನ ಜೊತೆಗೆ ಬಂದಿದೆ. ಸದ್ದಿನಲ್ಲಿ ನವೆಂಬರಿನ ತಮ್ಮನಂತೆಯೂ ಇದೆ. ಎರಡನೇ ತಿಂಗಳ ಹೆಸರು ಅಲ್ಲಿ ಬೇಕಾಗಿಯೇ ಇರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಅದನ್ನು ಹೊಡೆದುಹಾಕಿ, ಆ ಸಾಲನ್ನು ಹೀಗೆ ತಿದ್ದಬೇಕು: ಕೊಡದೆ ಹೋದರೆ? // ಮುಂದಿನ ತಿಂಗಳಿನಿಂದ / ಪಿಂಚಣಿ ನಿಲ್ಲುತ್ತದೆ. //